ಚಪ್ಪಟೆ ಪಾದಕ್ಕೆ ಮೆತ್ತನೆ ಶೂ, ಅದರೊಳಗೊಂದು ಗಟ್ಟಿ ಇನ್ಸೋಲ್: ಈ ಜೋಡಿಯ ಬಗ್ಗೆ ಹುಷಾರು

ಚಪ್ಪಟೆ ಪಾದ ಇರುವವರು ವಾಕಿಂಗ್ ಶೂ ತಗೊಳ್ಳುವ ಮುಂಚೆ ಇದನ್ನೊಮ್ಮೆ ಓದಿ. ಅದರಲ್ಲೂ ಅಂಗಡಿಯಲ್ಲಿ ಪಾದದ ಸ್ಕ್ಯಾನ್ ಮಾಡಿ, "ನಿಮಗೆ ಇದೇ ಬೇಕು" ಅಂತ ಶೂ ಮತ್ತು ಇನ್ಸೋಲ್ ಎರಡನ್ನೂ ಸೇರಿಸಿ ಕೊಡುವ ಕಡೆ ಜಾಸ್ತಿ ಎಚ್ಚರ ಇರಲಿ.

ನಮ್ಮಕ್ಕ ಮೈಸೂರಿನಲ್ಲಿದ್ದಾಳೆ. ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಕಡೆ ವಾಕಿಂಗ್ ಹೋಗುತ್ತಾಳೆ. ಚಿಕ್ಕಂದಿನಿಂದಲೂ ಅವಳ ಪಾದ ಚಪ್ಪಟೆ. ಒದ್ದೆ ಕಾಲಲ್ಲಿ ನೆಲದ ಮೇಲೆ ನಡೆದರೆ ಇಡೀ ಅಂಗಾಲು ಅಚ್ಚಾಗುತ್ತಿತ್ತು. ಆದರೆ ನೋವು ಅಂತ ಒಂದು ದಿನವೂ ಅಂದವಳಲ್ಲ. ಹಳೇ ಶೂವಿನ ಅಡಿ ಸವೆದಿತ್ತು ಅಂತ ಹೊಸದು ತರಲು ಹೋದಳು, ಅಷ್ಟೇ.

ಅಂಗಡಿಯಲ್ಲಿ ಗಾಜಿನ ಹಲಗೆಯ ಮೇಲೆ ನಿಲ್ಲಿಸಿದರು. ಪರದೆಯ ಮೇಲೆ ಕೆಂಪು, ಹಳದಿ ಬಣ್ಣದ ಪಾದ ಮೂಡಿತು. "ಮೇಡಂ, ನಿಮ್ಮ ಅಂಗಾಲಲ್ಲಿ ಆರ್ಚ್, ಅಂದರೆ ಕಮಾನೇ ಇಲ್ಲ. ಸಪೋರ್ಟ್ ಇಲ್ಲದೆ ನಡೆದರೆ ಮಂಡಿ ಹೋಗುತ್ತೆ" ಅಂದನಂತೆ ಹುಡುಗ. ಹಾಗಂತ ಹೆದರಿಸಿ, ದಪ್ಪ ಅಡಿಯ, ಒತ್ತಿದರೆ ಒಳಗೆ ಹೋಗುವಷ್ಟು ಮೆತ್ತನೆಯ ರನ್ನಿಂಗ್ ಶೂ ತೋರಿಸಿದ. ಅದರೊಳಗೆ ಹಾಕಲು ನಡುವೆ ಗಟ್ಟಿಯಾಗಿ ಉಬ್ಬಿದ ಇನ್ಸೋಲ್ ಬೇರೆ. ಶೂವಿನ ಮೂಲ ಇನ್ಸೋಲ್ ತೆಗೆಯದೆ, ಅದರ ಮೇಲೇ ಇದನ್ನು ಕತ್ತರಿಸಿ ಕೂರಿಸಿದ. ಹಾಕಿಕೊಂಡಾಗ ಬಿಗಿ ಅನ್ನಿಸಿತು. "ಒಂದು ಸೈಜ್ ದೊಡ್ಡದು ಕೊಡ್ತೀನಿ ಬಿಡಿ" ಅಂದ. ಕೆಡುವುದಕ್ಕೆ ಶುರುವಾಗಿದ್ದು ಇಲ್ಲೇ.

ಕೆಲವೇ ವಾರಗಳಲ್ಲಿ ಕಾಲಿನ ಒಳಬದಿಯ ಗಿಣ್ಣಿನ ಹಿಂದೆ ನೋವು ಬಂತು. ಅಂಗಾಲಿನ ನಡುವೆ ಕಲ್ಲು ಒತ್ತಿದಂತಾಗುತ್ತಿತ್ತು. ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತು. ಅಂಗಡಿಯವರನ್ನು ಕೇಳಿದರೆ "ಹೊಸದರಲ್ಲಿ ಹಾಗೇ, ಅಭ್ಯಾಸ ಆಗುತ್ತೆ" ಅಂದರು. ಆಮೇಲೆ ವಾಪಸ್ ಕೊಡಲು ಹೋದಾಗ, ಹೊರಗೆ ಹಾಕಿದ ಶೂ ತಗೊಳ್ಳಲ್ಲ, ಕತ್ತರಿಸಿದ ಇನ್ಸೋಲ್ ಅಂತೂ ಆಗೋದೇ ಇಲ್ಲ ಅಂದುಬಿಟ್ಟರು.

ಕೊನೆಗೆ ಫಿಸಿಯೋಥೆರಪಿಸ್ಟ್ ಒಬ್ಬರ ಹತ್ತಿರ ಹೋದೆವು. ಅವರು ಯಾವ ಮಷೀನೂ ತೆಗೆಯಲಿಲ್ಲ. ಗೋಡೆ ಹಿಡಿದು ತುದಿಗಾಲಲ್ಲಿ ನಿಲ್ಲಲು ಹೇಳಿದರು. ಅಕ್ಕ ನಿಂತ ಕೂಡಲೇ ಅಂಗಾಲಿನಲ್ಲಿ ಕಮಾನು ಮೂಡಿತು, ಹಿಮ್ಮಡಿ ಸ್ವಲ್ಪ ಒಳಕ್ಕೆ ತಿರುಗಿತು. ಭಾರ ಬಿದ್ದಾಗ ಕುಸಿದು, ಇಲ್ಲದಾಗ ಏಳುವ ಇಂಥ ಪಾದ ತುಂಬಾ ಜನಕ್ಕೆ ಇರುತ್ತದೆ. ನೋವಿಲ್ಲದಿದ್ದರೆ ಅದಕ್ಕೆ ಚಿಕಿತ್ಸೆಯೇ ಬೇಕಿಲ್ಲ ಅಂದರು. ತುದಿಗಾಲಲ್ಲಿ ನಿಂತರೂ ಕಮಾನು ಮೂಡದೆ ಪಾದ ಸೆಟೆದೇ ಇದ್ದರೆ ಕಥೆ ಬೇರೆ, ಅಂಥವರು ಮೂಳೆ ಡಾಕ್ಟರಿಗೆ ತೋರಿಸಬೇಕು. ಇಷ್ಟು ದಿನ ಸರಿಯಿದ್ದ ಒಂದೇ ಪಾದ ಇತ್ತೀಚೆಗೆ ಚಪ್ಪಟೆಯಾಗುತ್ತಾ ಬಂದಿದ್ದರೆ, ಗಿಣ್ಣಿನ ಹಿಂದೆ ಊತ ಇದ್ದರೆ, ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಲು ಆಗದಿದ್ದರೂ ಅಷ್ಟೇ. ಸಕ್ಕರೆ ಕಾಯಿಲೆಯಿಂದ ಪಾದಕ್ಕೆ ಸ್ಪರ್ಶ ಕಮ್ಮಿಯಾದವರೂ ಅಂಗಡಿಯ ಇನ್ಸೋಲ್ ಪ್ರಯೋಗ ಮಾಡಬಾರದು, ಗಾಯ ಆದರೂ ಗೊತ್ತಾಗಲ್ಲ.

ಹಾಗಾದರೆ ಅಕ್ಕನಿಗೆ ನೋವು ಯಾಕೆ ಬಂತು? ಅವರು ಶೂವನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ತೋರಿಸಿದರು. ಎರಡೂ ಶೂಗಳ ಹಿಮ್ಮಡಿ ಒಳಬದಿಗೆ ವಾಲಿತ್ತು. ಚಪ್ಪಟೆ ಪಾದ ಭಾರವನ್ನು ಒಳ ಅಂಚಿಗೆ ಹಾಕುತ್ತದೆ. ಅಡಿಯ ಫೋಮ್ ತೀರಾ ಮೆತ್ತಗಿದ್ದರೆ ಆ ಅಂಚೇ ಜಾಸ್ತಿ ಕುಗ್ಗುತ್ತದೆ, ಪಾದ ಇನ್ನೂ ಒಳಕ್ಕೆ ಉರುಳುತ್ತದೆ. ಅದನ್ನು ತಡೆದು ಹಿಡಿಯುವ ಸ್ನಾಯುವಿನ ಹುರಿ ಒಳಗಿಣ್ಣಿನ ಹಿಂದೆಯೇ ಹಾದುಹೋಗುತ್ತದೆ. ಪ್ರತಿ ಹೆಜ್ಜೆಗೂ ಅದು ಎಳೆದುಕೊಂಡು ನೋಯಲು ಶುರುವಾಗಿತ್ತು.

ಉಳಿದಿದ್ದೆಲ್ಲಾ ಇನ್ಸೋಲ್ ಮತ್ತು ಸೈಜಿನ ಗಲಾಟೆ. ಇನ್ಸೋಲ್ ಮೇಲೆ ಇನ್ಸೋಲ್ ಬಂದಾಗ ಹಿಮ್ಮಡಿ ಮೇಲೆದ್ದು, ಶೂವಿನ ಹಿಂಭಾಗದ ಹಿಡಿತದಿಂದ ಹೊರಗೆ ಬಂತು. ಅದಕ್ಕೇ ಜಾರಿ ಜಾರಿ ಗುಳ್ಳೆ. ಬಿಗಿ ಆಗಿದ್ದು ಅಗಲದಲ್ಲಿ, ಅಂಗಡಿಯವನು ಕೊಟ್ಟಿದ್ದು ಉದ್ದ. ಶೂ ಉದ್ದವಾದರೆ ಅದು ಮಡಚುವ ಜಾಗವೂ ಮುಂದಕ್ಕೆ ಹೋಗುತ್ತದೆ. ಬೆರಳುಗಳ ಬುಡ ಮಡಚುವುದು ಒಂದು ಕಡೆ, ಶೂ ಮಡಚುವುದು ಇನ್ನೊಂದು ಕಡೆ. ಜಾರುವ ಪಾದದ ಕೆಳಗೆ ಗಟ್ಟಿ ಉಬ್ಬು ತನ್ನ ಜಾಗದಲ್ಲಿ ಕೂರುವುದೂ ಇಲ್ಲ.

ಎರಡನೇ ಸಲ ನಾನೂ ಜೊತೆಗೆ ಹೋದೆ, ಬೇರೆ ಅಂಗಡಿಗೆ, ಸಂಜೆ ಹೊತ್ತಿಗೆ. ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ. ವಾಕಿಂಗಿಗೆ ಹಾಕುವ ಸಾಕ್ಸನ್ನೇ ಹಾಕಿಸಿದೆ. ಫಿಸಿಯೋ ಹೇಳಿಕೊಟ್ಟಂತೆ ಮೊದಲು ಶೂವಿನ ಇನ್ಸೋಲ್ ಹೊರಗೆ ತೆಗೆದು, ನೆಲದ ಮೇಲಿಟ್ಟು, ಅಕ್ಕನನ್ನು ಅದರ ಮೇಲೆ ನಿಲ್ಲಿಸಿದೆ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಪಾದದ ಅಂಚು ಪಕ್ಕದಲ್ಲಿ ಹೊರಗೆ ಚೆಲ್ಲಬಾರದು. ಹೆಂಗಸರ ಮಾಡೆಲಿನಲ್ಲಿ ಉದ್ದ ಸರಿಯಿತ್ತು, ಕಿರುಬೆರಳ ಕಡೆ ಮಾಂಸ ಹೊರಗೆ ಬಂದಿತ್ತು. ಕುಳಿತು ಇಟ್ಟು ನೋಡಿದರೆ ಇದು ಗೊತ್ತಾಗುವುದಿಲ್ಲ. ಭಾರ ಬಿದ್ದಾಗಲೇ ಚಪ್ಪಟೆ ಪಾದ ಹರಡುವುದು.

ಶೂವಿನ ಅಗಲವನ್ನು ಅಕ್ಷರದಲ್ಲಿ ಹೇಳುತ್ತಾರೆ, ಹೆಂಗಸರಲ್ಲಿ ಸಾಮಾನ್ಯವಾಗಿ ಬಿ, ಗಂಡಸರಲ್ಲಿ ಡಿ. ಅದಕ್ಕಿಂತ ಅಗಲ ಬೇಕಾದರೆ ಹೆಂಗಸರಿಗೆ ಡಿ, ಗಂಡಸರಿಗೆ 2ಇ ಅಂತ ಕೇಳಬೇಕು. ನಮ್ಮ ಅಂಗಡಿಗಳಲ್ಲಿ ಹೆಂಗಸರ ಅಗಲದ ಶೂ ಸಿಗುವುದೇ ಅಪರೂಪ. ಹಾಗಾಗಿ ಅಷ್ಟೇ ಉದ್ದದ ಗಂಡಸರ ಶೂ ಕೇಳಿದೆವು. ಬಣ್ಣ ಅಕ್ಕನಿಗೆ ಇಷ್ಟ ಇರಲಿಲ್ಲ. ಪಾದ ಮಾತ್ರ ಸರಿಯಾಗಿ ಕೂತಿತು.

ಆಮೇಲೆ ಕೈಯಲ್ಲೇ ಪರೀಕ್ಷೆ. ಹಿಮ್ಮಡಿಯ ಹಿಂಭಾಗ ಒತ್ತಿದರೆ ಕುಸಿಯಬಾರದು. ಮಡಚಿದರೆ ಬೆರಳ ಬುಡದ ಹತ್ತಿರ ಮಡಚಬೇಕು, ನಡುವೆ ಅಲ್ಲ. ಬಟ್ಟೆ ಹಿಂಡಿದಂತೆ ತಿರುಚಿದರೆ ಸುಲಭವಾಗಿ ತಿರುಗಬಾರದು. ಅಡಿ ನೆಲಕ್ಕೆ ತಾಗುವ ಜಾಗ ಅಗಲವಾಗಿರಬೇಕು. ಕುಶನ್ ಬೇಡ ಅಂತಲ್ಲ, ಆದರೆ ನಡಿಗೆಯಲ್ಲಿ ಕಾಲಿಗೆ ಬೀಳುವ ಹೊಡೆತ ಓಟದಲ್ಲಿ ಬೀಳುವುದಕ್ಕಿಂತ ಎಷ್ಟೋ ಕಮ್ಮಿ. ಮಧ್ಯಮ ಕುಶನ್ ಸಾಕು.

ಸ್ಟೆಬಿಲಿಟಿ ಶೂ ಬೇಕೇ ಬೇಕಾ? ಬ್ರೂಕ್ಸ್ ಅಡ್ರೆನಲಿನ್ ಜಿಟಿಎಸ್, ಏಸಿಕ್ಸ್ ಜಿಟಿ-2000 ಆ ಜಾತಿಯವು, ಪಾದ ಒಳಕ್ಕೆ ಉರುಳದಂತೆ ಮಾಡಿದಂಥವು. ಹಾಕಿದಾಗ ಹಿತ ಅನ್ನಿಸಿದರೆ ತಗೊಳ್ಳಿ. ಆದರೆ ಅಮೆರಿಕದ ಸೇನೆಯ ತರಬೇತಿಯಲ್ಲಿ ಪಾದದ ಆಕಾರ ನೋಡಿ ಶೂ ಹಂಚಿದ ಗುಂಪಿಗೂ, ಆಕಾರ ನೋಡದೆ ಎಲ್ಲರಿಗೂ ಒಂದೇ ಬಗೆಯ ಶೂ ಕೊಟ್ಟ ಗುಂಪಿಗೂ ಗಾಯಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಪರದೆಯ ಮೇಲಿನ ಕೆಂಪು ಹಳದಿ ಚಿತ್ರ ನಿಮಗೆ ಯಾವ ಶೂ ಬೇಕು ಅಂತ ಹೇಳಲಾರದು. ಅಕ್ಕ ತಗೊಂಡಿದ್ದು ಅಗಲ ಅಡಿಯ ಸಾಧಾರಣ ಶೂ, ಅದರದ್ದೇ ಇನ್ಸೋಲ್ ಜೊತೆಗೆ. ಫಿಸಿಯೋ ಹೇಳಿದ ಹಿಮ್ಮಡಿ ಎತ್ತುವ ವ್ಯಾಯಾಮವನ್ನೂ ಮಾಡುತ್ತಿದ್ದಾಳೆ. ಗಿಣ್ಣಿನ ನೋವು ನಿಧಾನಕ್ಕೆ ಇಳಿದಿದೆ.

ಇನ್ನೊಂದು ವಿಷಯ. ಬಿಲ್ ಹಾಕಿಸುವ ಮುಂಚೆಯೇ ವಾಪಸಾತಿ ನಿಯಮ ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ. ಮನೆಯಲ್ಲಿ ಮೊದಲ ಎರಡು ಮೂರು ದಿನ ಒರೆಸಿದ ನೆಲದ ಮೇಲೆ ಮಾತ್ರ ಹಾಕಿ ಓಡಾಡಿ, ಅಡಿಗೆ ಮಣ್ಣು ತಾಗದಿದ್ದರೆ ಬದಲಾಯಿಸಿ ಕೊಡಲು ಒಪ್ಪುವ ಸಾಧ್ಯತೆ ಜಾಸ್ತಿ. ಇನ್ಸೋಲ್ ಬೇಕೇಬೇಕು ಅಂದರೂ, ಮೂಲ ಇನ್ಸೋಲ್ ತೆಗೆದು ಹೊಸದನ್ನು ಕೂರಿಸಿ ನಡೆದು ನೋಡುವ ತನಕ ಕತ್ತರಿ ಹಾಕಲು ಬಿಡಬೇಡಿ.