ಮ್ಯಾನ್-ವಿಟ್ನಿ ಫಲಿತಾಂಶ: ಯಾವ ಅಂಕಿ ಬರೆಯಬೇಕು?

ಅಭ್ಯಾಸಕ್ಕಾಗಿ ಮಾಡಿಕೊಂಡ ಲೆಕ್ಕ ಇದು. ಎರಡು ಗುಂಪುಗಳ ರೋಗಿಗಳು ಆಸ್ಪತ್ರೆಯಲ್ಲಿದ್ದ ದಿನಗಳು:

ಅ: 2, 3, 3, 4, 5, 6, 21
ಆ: 4, 5, 7, 8, 9, 12, 30

ಸರಾಸರಿ ಬರೆದರೆ ಅ ಗುಂಪಿಗೆ 6.3 ± 6.6 ಬರುತ್ತದೆ. ಸರಾಸರಿಯಿಂದ ಒಂದು ಎಸ್‌ಡಿ ಕಳೆದರೆ ದಿನಗಳು ಸೊನ್ನೆಗಿಂತ ಕೆಳಗೆ! 21 ದಿನ ಇದ್ದ ಒಬ್ಬರೇ ರೋಗಿ ಸರಾಸರಿಯನ್ನು ಎಳೆದಿದ್ದಾರೆ. ಮೀಡಿಯನ್ ಮತ್ತು ಐಕ್ಯೂಆರ್ ಬರೆದರೆ ಅ: 4 (3–5.5), ಆ: 8 (6–10.5). ವಾರ್ಡ್‌ನಲ್ಲಿ ಕಾಣುವುದು ಇದೇ ಅಲ್ವಾ? ಇಲ್ಲಿ ನನ್ನ ಆಯ್ಕೆ ಮೀಡಿಯನ್.

ಎಫೆಕ್ಟ್ ಸೈಜ್‌ನಲ್ಲೇ ಗೊಂದಲ ಜಾಸ್ತಿ. r = Z/√N ಸೂತ್ರ ಸುಮಾರು 0.50 ಕೊಡುತ್ತದೆ, ರ‍್ಯಾಂಕ್-ಬೈಸೀರಿಯಲ್ 0.59. ಎರಡನ್ನೂ ಜನ r ಅಂತಲೇ ಬರೆಯುತ್ತಾರೆ, ಹಾಗಾಗಿ ಯಾವುದು ಅಂತ ಹೆಸರಿಸಿ. ನಾನು ಎರಡನೆಯದನ್ನೇ ಆರಿಸುತ್ತೇನೆ, ಅದನ್ನು ಬಿಡಿಸಿ ಹೇಳಬಹುದು. ಒಟ್ಟು 49 ಜೋಡಿಗಳಲ್ಲಿ, ಸಮ ಬಂದವನ್ನು ಅರ್ಧ ಅಂತ ಎಣಿಸಿದರೆ, 39ರಲ್ಲಿ ಆ ಗುಂಪಿನವರು ಹೆಚ್ಚು ದಿನ ಇದ್ದರು. ಉಳಿದದ್ದು 10. (39−10)/49 = 0.59.

R ನಲ್ಲಿ `wilcox.test(a, b)` ತೋರಿಸುವ W = 10, ಅದು ಅ ಗುಂಪಿನ U. ಕ್ರಮ ತಿರುಗಿಸಿದರೆ 39 ಬರುತ್ತದೆ, 0.59ರ ಚಿಹ್ನೆಯೂ ತಿರುಗುತ್ತದೆ. ಹಾಗಾಗಿ ಚಿಹ್ನೆ ಯಾವ ದಿಕ್ಕಿನದು ಅಂತ ಬರೆಯಲೇಬೇಕು.

ಇಲ್ಲಿ p = 0.07. ಏಳೇಳು ಜನರ ಲೆಕ್ಕದಲ್ಲಿ 0.59ರ ಸುತ್ತ ವಿಶ್ವಾಸಾಂತರ ತುಂಬ ಅಗಲ, ಅದನ್ನೂ ಜೊತೆಗೆ ಕೊಡಿ. ಇನ್ನು, ಎರಡು ಗುಂಪುಗಳ ಹರಡುವಿಕೆಯ ಆಕಾರ ಬೇರೆಯಾಗಿದ್ದರೆ "ಮೀಡಿಯನ್‌ಗಳು ಬೇರೆ" ಅಂತ ಸುಮ್ನೆ ಬರೆಯಬೇಡಿ. ಈ ಪರೀಕ್ಷೆ ನೋಡುವುದು ರ‍್ಯಾಂಕ್‌ಗಳನ್ನು.