ತೀರ್ಪಿನ ಬಗ್ಗೆ ಬರೆಯುವುದೋ, ಹೈಕೋರ್ಟಿಗೆ ದೂರು ಕೊಡುವುದೋ?

ಶಿರಸಿಯ ಅಡಿಕೆ ತೋಟದ ದಾರಿ ತಂಟೆಯಲ್ಲಿ ಸೋತ ತಮ್ಮ ಕೇಳಿದ: ‘ಅಣ್ಣಾ, ಪತ್ರಿಕೆಗೆ ಬರೆಯಲಾ, ದೂರು ಕೊಡಲಾ?’

ತಪ್ಪು ತೀರ್ಪಿನಲ್ಲಿದ್ದರೆ ಲೇಖನ ಸರಿ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 5ನೇ ಕಲಂ, ಅಂತಿಮವಾಗಿ ಇತ್ಯರ್ಥವಾದ ಪ್ರಕರಣದ ಗುಣಾವಗುಣಗಳ ನ್ಯಾಯಯುತ ವಿಮರ್ಶೆಯನ್ನು ನಿಂದನೆ ಎನ್ನುವುದಿಲ್ಲ. ಆದರೆ ಮೇಲ್ಮನವಿಯ ಗಡುವು ಮುಗಿಯುವ ತನಕ ಕಾಯುವುದು ಕ್ಷೇಮ. ‘ಹಳೆಯ ನಕ್ಷೆಯಲ್ಲಿದ್ದ ಕಾಲುದಾರಿಯನ್ನು ತೀರ್ಪು ಲೆಕ್ಕಕ್ಕೇ ತೆಗೆದುಕೊಂಡಿಲ್ಲ’ ಎಂದು ಬರೆದರೆ ಅದು ವಿಮರ್ಶೆ. ‘ನ್ಯಾಯಾಧೀಶರು ದುಡ್ಡು ತಿಂದರು’ ಎಂದು ಪುರಾವೆಯಿಲ್ಲದೆ ಬರೆದರೆ ಆರು ತಿಂಗಳವರೆಗಿನ ಸಾದಾ ಸಜೆ, 2,000 ರೂಪಾಯಿವರೆಗಿನ ದಂಡ ಅಥವಾ ಎರಡೂ ಎದುರಾಗಬಹುದು. ಸತ್ಯವೇ ರಕ್ಷಣೆ ಎನ್ನಲು 2006ರ ತಿದ್ದುಪಡಿ ದಾರಿ ಮಾಡಿದೆ, ನಿಜ. ಆದರೆ ಅದರಲ್ಲಿ ಸಾರ್ವಜನಿಕ ಹಿತವೂ ಸದುದ್ದೇಶವೂ ಇರಬೇಕು.

ಅನುಮಾನ ನ್ಯಾಯಾಧೀಶರ ನಡತೆಯ ಮೇಲಿದ್ದರೆ ದೂರೇ ಮೇಲು. ಅಧೀನ ನ್ಯಾಯಾಲಯದ ನ್ಯಾಯಾಧೀಶರ ಬಗ್ಗೆ ಹೈಕೋರ್ಟಿಗೆ ಸದ್ಭಾವನೆಯಿಂದ ಹೇಳಿದ್ದನ್ನು 6ನೇ ಕಲಂ ಕಾಪಾಡುತ್ತದೆ. ಅದೇ ದೂರಿನ ಪ್ರತಿಯನ್ನು ವಾಟ್ಸಾಪಿನಲ್ಲಿ ಹಂಚಿದರೆ ಆ ಆಸರೆ ಸಿಗದು. ಜನ ಎಡವುವುದು ಇಲ್ಲಿಯೇ.

ಎರಡರಿಂದಲೂ ತೀರ್ಪು ಬದಲಾಗದು. ದಾರಿಯೇ ಬೇಕೆಂದರೆ ಮೊದಲು ಮೇಲ್ಮನವಿ ಹಾಕು ಎಂದೆ.