ಖಾಲಿಯಾದ ಮಜ್ಜೆ: ಕಸಿಯೋ, ಎಟಿಜಿಯೋ?

22ರ ಹುಡುಗ ಅಂದುಕೊಳ್ಳಿ. ಒಸಡಿನಲ್ಲಿ ರಕ್ತ, ಕಾಲ ಮೇಲೆ ಕೆಂಪು ಚುಕ್ಕೆ. ಹಿಮೋಗ್ಲೋಬಿನ್ 6, ಪ್ಲೇಟ್‌ಲೆಟ್ 8,000, ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣ ನ್ಯೂಟ್ರೋಫಿಲ್ 300. ಸೊಂಟದ ಮೂಳೆಯಿಂದ ತೆಗೆದ ಮಜ್ಜೆಯಲ್ಲಿ ರಕ್ತ ಹುಟ್ಟಿಸುವ ಕಣಗಳಿರಬೇಕಾದ ಕಡೆ ಹೆಚ್ಚಾಗಿ ಕೊಬ್ಬೇ. ಇದು ತೀವ್ರ ಅಪ್ಲಾಸ್ಟಿಕ್ ಅನೀಮಿಯಾ.

ಅಕ್ಕನ ಎಚ್‌ಎಲ್‌ಎ, ಅಂದರೆ ಕಣಗಳ ಮೇಲಿನ ಗುರುತು, ಅವನದಕ್ಕೆ ಪೂರ್ತಿ ಹೊಂದಿದರೆ ನಾನಂತೂ ಅವಳ ಮಜ್ಜೆಯ ಕಸಿಯನ್ನೇ ಮೊದಲು ಕೇಳಿ ಅನ್ನುತ್ತೇನೆ. ಒಬ್ಬ ಒಡಹುಟ್ಟಿದವರು ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಸ ಮಜ್ಜೆ ಸಾಮಾನ್ಯವಾಗಿ ಮೂರ್ನಾಲ್ಕು ವಾರದಲ್ಲಿ ಕಣ ಹುಟ್ಟಿಸತೊಡಗುತ್ತದೆ. ಭಯ ಒಂದಿದೆ: ಅಕ್ಕನ ಕಣಗಳು ಅವನ ಚರ್ಮ, ಕರುಳು, ಲಿವರ್ ಮೇಲೆಯೇ ತಿರುಗಿಬೀಳಬಹುದು. ವಯಸ್ಸಾದಷ್ಟೂ ಈ ಅಪಾಯ ಜಾಸ್ತಿ.

ಹಾಗಾಗಿ 40 ದಾಟಿದವರಿಗೆ, ಹೊಂದುವ ದಾನಿ ಇಲ್ಲದವರಿಗೆ ಸಾಮಾನ್ಯವಾಗಿ ಎಟಿಜಿ. ಕುದುರೆಯಿಂದ ತಯಾರಾದ ಈ ಔಷಧಿಯನ್ನು 4 ದಿನ ಡ್ರಿಪ್‌ನಲ್ಲಿ ಕೊಡುತ್ತಾರೆ. ಮಜ್ಜೆಯನ್ನು ಕೊಲ್ಲುತ್ತಿರುವ, ದೇಹದ್ದೇ ರಕ್ಷಣಾ ಪಡೆಯ ಟಿ ಕಣಗಳನ್ನು ಅದು ಅಡಗಿಸುತ್ತದೆ. ಜೊತೆಗೆ ತಿಂಗಳುಗಟ್ಟಲೆ ಆ ಕಣಗಳನ್ನು ಹತೋಟಿಯಲ್ಲಿಡುವ ಸೈಕ್ಲೋಸ್ಪೋರಿನ್, ಮಜ್ಜೆಯನ್ನು ಚುರುಕುಗೊಳಿಸುವ ಎಲ್‌ಟ್ರೋಂಬೋಪ್ಯಾಗ್. ಫಲ ಕಾಣಲು 3ರಿಂದ 6 ತಿಂಗಳು ಬೇಕು. ಆ ನಡುವೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೂ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಓಡಬೇಕು. ವಾಸಿಯಾದ ಮೇಲೂ ಕಾಯಿಲೆ ಮರಳಬಹುದು.

ಯಾವುದೂ ತೀರ್ಮಾನವಾಗುವ ಮುಂಚೆ ರೋಗಿಗೆ ಮನೆಯವರ ರಕ್ತ ಕೊಡಲೇಬೇಡಿ. ಆಮೇಲೆ ದೇಹ ಅವರ ಮಜ್ಜೆಯನ್ನೇ ತಿರಸ್ಕರಿಸಬಹುದು.